ಚೀಟಿಯ ಕೆಳಗಿನ ಅಕ್ಷರ

ಅಂಗಡಿಯ ಹಿಂಬದಿಯ ಕೋಣೆ. ಗೋಡೆಗೆ ಅಂಟಿಸಿದ ಬಿಳಿ ಚಾರ್ಟ್ ಹಾಳೆ ಬಾಗಿ ಮೇಜಿನ ಮೇಲೆ ಇಳಿದಿದೆ, ಎರಡು ಕಡೆ ಎರಡು ದೀಪ. ನಡುವೆ ಉದ್ದನೆಯ ಊದುಬತ್ತಿ ಪೆಟ್ಟಿಗೆ: ಹಳದಿಯಿಂದ ಕೆಂಪಿಗೆ ತಿರುಗುವ ಹಿನ್ನೆಲೆ, ಸುತ್ತ ಹೂಬಳ್ಳಿಯ ಅಂಚು, ಮಧ್ಯದಲ್ಲಿ ದಪ್ಪ ಅಕ್ಷರದ ಹೆಸರು. ಆನ್‌ಲೈನ್ ಮಾರಾಟಕ್ಕೆಂದು ಫೋಟೋ ತೆಗೆದದ್ದೂ ಆಯಿತು, ಪೆಟ್ಟಿಗೆ ಗಿರಾಕಿಯ ಕೈ ಸೇರಿದ್ದೂ ಆಯಿತು. ಆಮೇಲೆ ಪರದೆಯ ಮೇಲೆ ನೋಡಿದರೆ, ಲೇಬಲ್ ಗನ್ನಿನಿಂದ ಒತ್ತಿದ ಸಣ್ಣ ಬಿಳಿ ಬೆಲೆ ಚೀಟಿ ಸರಿಯಾಗಿ ‘ಊದುಬತ್ತಿ’ ಎಂಬ ಪದದ ಕೊನೆಯ ಅಕ್ಷರದ ಮೇಲೆಯೇ ಕೂತಿದೆ. ಫೋನಿನಲ್ಲಿರುವ ಅಳಿಸುವ ಸೌಲಭ್ಯವನ್ನು ಒತ್ತಿದರೆ ಚೀಟಿ ಕ್ಷಣದಲ್ಲಿ ಮಾಯ. ಆದರೆ ‘ತ್ತಿ’ ಇರಬೇಕಾದ ಕಡೆ ಈಗ ಅರ್ಧ ‘ಬ’, ಅರ್ಧ ಬಳ್ಳಿ ಸೇರಿದ ಯಾವುದೋ ಆಕಾರ. ದೂರದಿಂದ ಕನ್ನಡದಂತೆ ಕಾಣುತ್ತದೆ, ಓದಲು ಹೋದರೆ ಅದು ಯಾವ ಅಕ್ಷರವೂ ಅಲ್ಲ.

ಫೋಟೋದಿಂದ ಚೀಟಿ ತೆಗೆಯಬಹುದೆಂಬುದು ಇವತ್ತು ಎಲ್ಲರಿಗೂ ಗೊತ್ತು. ತೆಗೆದ ಜಾಗಕ್ಕೆ ಬಂದು ಕೂರುವುದು ಏನು, ಎಲ್ಲಿಂದ ಎಂಬುದು ಅಷ್ಟು ಗೊತ್ತಿಲ್ಲ. ಈ ಕೆಲಸವನ್ನು ‘ಅಳಿಸುವುದು’ ಎಂದು ಕರೆಯುವುದರಲ್ಲೇ ದಾರಿ ತಪ್ಪುತ್ತದೆ ಎಂಬುದು ನನ್ನ ವಾದ. ಅಳಿಸುವುದು ಒಂದು ಗೆರೆ ಎಳೆದಷ್ಟು ಸುಲಭ. ಕೆಳಗೆ ಏನು ಅಚ್ಚಾಗಿತ್ತು ಎಂಬುದಕ್ಕೆ ಸಾಕ್ಷಿ ಹುಡುಕಿ ತಂದು, ಅದನ್ನು ಆ ಫೋಟೋದ ಕೋನಕ್ಕೂ ಬೆಳಕಿಗೂ ಹೊಂದಿಸಿ ಕೂರಿಸುವುದೇ ಕೆಲಸ. ಸಾಕ್ಷಿ ಇಲ್ಲದ ಕಡೆ ಏನನ್ನೂ ತುಂಬದೆ ಬಿಡುವುದೂ ಅದೇ ಕೆಲಸದ ಭಾಗ.

ಫೋಟೋದಲ್ಲಿ ಇಲ್ಲದ್ದು

ಮೊದಲು ಅಳತೆ ನೋಡೋಣ. ಪೆಟ್ಟಿಗೆ 24 ಸೆಂಟಿಮೀಟರ್ ಉದ್ದವಿದ್ದು, ಫೋಟೋದಲ್ಲಿ ಅದು 3600 ಪಿಕ್ಸೆಲ್ ಅಗಲಕ್ಕೆ ಹರಡಿದೆ ಎಂದಿಟ್ಟುಕೊಳ್ಳಿ. ಅಂದರೆ ಒಂದು ಮಿಲಿಮೀಟರಿಗೆ 15 ಪಿಕ್ಸೆಲ್. ಲೇಬಲ್ ಗನ್ನಿನ ಸಾಮಾನ್ಯ ಚೀಟಿ ಸುಮಾರು 22 ಮಿ.ಮೀ. ಅಗಲ, 12 ಮಿ.ಮೀ. ಎತ್ತರ, ಫೋಟೋದಲ್ಲಿ 330ಕ್ಕೆ 180, ಸುಮಾರು 60 ಸಾವಿರ ಪಿಕ್ಸೆಲ್. ಒಂದು ಕೋಟಿ 20 ಲಕ್ಷ ಪಿಕ್ಸೆಲ್‌ಗಳ ಚಿತ್ರದಲ್ಲಿ ಇದು ಶೇಕಡಾ ಅರ್ಧದಷ್ಟು ಮಾತ್ರ. ಆದರೆ ಆ 60 ಸಾವಿರದಲ್ಲಿ ಒಂದರಲ್ಲೂ ಪೆಟ್ಟಿಗೆಯ ಅಚ್ಚಿನ ಸುಳಿವಿಲ್ಲ. ಚೀಟಿ ಅಪಾರದರ್ಶಕ ಕಾಗದ; ಕ್ಯಾಮೆರಾಕ್ಕೆ ಕಂಡದ್ದು ಕಾಗದವೇ. ಮಸುಕಾದ ಫೋಟೋವನ್ನು ತಿಳಿಗೊಳಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಮಸುಕಿನಲ್ಲಿ ಮಾಹಿತಿ ಕೆಟ್ಟ ಸ್ಥಿತಿಯಲ್ಲಾದರೂ ಇರುತ್ತದೆ, ಚೀಟಿಯ ಕೆಳಗೆ ಇರುವುದೇ ಇಲ್ಲ.

ಹಾಗಿದ್ದರೆ ಅಳಿಸುವ ಸಾಧನಗಳು ಏನನ್ನು ತುಂಬುತ್ತವೆ? ಈ ವಿದ್ಯೆ inpainting ಎಂಬ ತನ್ನ ಇಂಗ್ಲಿಷ್ ಹೆಸರನ್ನು ಎರವಲು ತಂದದ್ದು ವಸ್ತುಸಂಗ್ರಹಾಲಯಗಳಿಂದ. ಹಳೆಯ ವರ್ಣಚಿತ್ರಗಳಲ್ಲಿ ಬಣ್ಣ ಉದುರಿದ ಕಡೆ ತುಂಬುವ ಕೆಲಸಕ್ಕೆ ಅಲ್ಲಿ ಆ ಹೆಸರಿತ್ತು. 2000ನೇ ಇಸವಿಯಲ್ಲಿ ಬರ್ತಾಲ್ಮಿಯೊ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ, ಖಾಲಿ ಜಾಗದ ಅಂಚಿಗೆ ಬಂದು ನಿಂತ ಗೆರೆಗಳನ್ನು ಒಳಕ್ಕೆ ಮುಂದುವರಿಸುತ್ತಿತ್ತು. ಗೀರು, ಮಡಿಕೆಯಂಥ ಕಿರಿದಾದ ಜಾಗಕ್ಕೆ ಅದು ಒಳ್ಳೆಯದು. 2009ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಅಡೋಬಿಯ ಸಂಶೋಧಕರು ಪ್ಯಾಚ್‌ಮ್ಯಾಚ್ ಎಂಬ ವಿಧಾನ ಕೊಟ್ಟರು. ಚಿತ್ರದ ಬೇರೆ ಕಡೆಯಿಂದ ಹೋಲುವ ತುಣುಕುಗಳನ್ನು ಬಲು ಬೇಗ ಹುಡುಕಿ ತಂದು ಜೋಡಿಸುವ ಉಪಾಯ ಅದು. ಮರುವರ್ಷವೇ ಫೋಟೋಶಾಪಿಗೆ ಸುತ್ತಲಿನದನ್ನು ನೋಡಿ ತುಂಬುವ ಆಜ್ಞೆ ಬಂತು. ಇವತ್ತಿನ ಹೊಸ ಸಾಧನಗಳು ಲಕ್ಷಾಂತರ ಚಿತ್ರಗಳಿಂದ ಕಲಿತು ಊಹಿಸುತ್ತವೆ. ಬಗೆ ಬೇರೆ ಬೇರೆಯಾದರೂ ಎಲ್ಲದರ ನಂಬಿಕೆ ಒಂದೇ: ಕಾಣದ ಜಾಗ ಕಾಣುವ ಜಾಗದಂತೆಯೇ ಇರಬೇಕು. ಹುಲ್ಲು, ಮರಳು, ಸುಣ್ಣದ ಗೋಡೆಯ ವಿಷಯದಲ್ಲಿ ಈ ನಂಬಿಕೆ ಕೈಕೊಡುವುದಿಲ್ಲ. ಹುಲ್ಲಿನ ಯಾವ ಎಸಳು ಎಲ್ಲಿತ್ತೆಂದು ಯಾರೂ ಕೇಳುವುದಿಲ್ಲವಲ್ಲ.

ಅಚ್ಚು ಹಾಗಲ್ಲ. ‘ಊದುಬ’ ಎಂಬಷ್ಟನ್ನು ಎಷ್ಟು ದಿಟ್ಟಿಸಿದರೂ ‘ತ್ತಿ’ಯ ಆಕಾರ ಅದರೊಳಗಿಲ್ಲ. ‘ತ’ದ ಮೇಲೆ ಗುಡಿಸು ಎಷ್ಟು ಎತ್ತರಕ್ಕೆ ಹೋಗಿ ಬಾಗುತ್ತದೆ, ಕೆಳಗಿನ ಒತ್ತು ಸಾಲಿನಿಂದ ಎಷ್ಟು ಇಳಿದು ಹೂಬಳ್ಳಿಗೆ ಎಷ್ಟು ಹತ್ತಿರ ಬರುತ್ತದೆ ಎಂಬುದೆಲ್ಲ ಆ ಅಕ್ಷರ ಬರೆದ ಕಲಾವಿದರ ತೀರ್ಮಾನ. ಹಳೆಯ ಬ್ರಾಂಡುಗಳ ಹೆಸರು ಕೈಯಿಂದ ಬರೆದದ್ದಾದರೆ ಅದೇ ಫಾಂಟು ಬೇರೆಲ್ಲೂ ಸಿಗುವುದಿಲ್ಲ. ‘ನೋಡುವವರು ಅಷ್ಟೆಲ್ಲ ಗಮನಿಸುವುದಿಲ್ಲ’ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಹಿನ್ನೆಲೆಯ ಬಣ್ಣದ ಮಟ್ಟಿಗೆ ಆ ಮಾತು ಸರಿ. ಅಕ್ಷರದ ಮಟ್ಟಿಗೆ ಅಲ್ಲ. ಓದು ಬಲ್ಲ ಕಣ್ಣು ಬೇಡವೆಂದರೂ ಅಕ್ಷರವನ್ನು ಓದುತ್ತದೆ, ಓದಲಾಗದ ಕಡೆ ಎಡವುತ್ತದೆ. ಅಂಥ ಪೆಟ್ಟಿಗೆ ನಕಲಿ ಮಾಲಿನಂತೆ ಕಾಣುತ್ತದೆ. ಹೆಸರಿನ ಒಂದು ಅಕ್ಷರ ಬದಲಿಸಿದ ಪೊಟ್ಟಣಗಳನ್ನು ನೋಡಿ ನೋಡಿ ನಮ್ಮ ಗಿರಾಕಿಗಳು ಪಳಗಿದ್ದಾರೆ.

ಸಾಕ್ಷಿ ಎಲ್ಲಿ ಸಿಗುತ್ತದೆ

ಹರಿದ ಸೀರೆಗೆ ತೇಪೆ ಹಾಕುವವರು ಸಾಧ್ಯವಾದರೆ ಅದೇ ಸೀರೆಯ ಒಳಸೆರಗಿನಿಂದ ತುಂಡು ತೆಗೆಯುತ್ತಾರೆ. ಇಲ್ಲೂ ಮೊದಲು ನೋಡಬೇಕಾದದ್ದು ಅದೇ ಫೋಟೋವನ್ನು, ಅದೇ ಪೆಟ್ಟಿಗೆಯನ್ನು. ಹೂಬಳ್ಳಿಯ ಅಂಚು ನಾಲ್ಕು ಮೂಲೆಯಲ್ಲೂ ಒಂದೇ ಆಗಿದ್ದರೆ ಒಂದು ಮೂಲೆಯನ್ನು ಇನ್ನೊಂದರಿಂದ ತುಂಬಬಹುದು. ಆದರೆ ಎಡಮೂಲೆಯನ್ನು ಬಲಕ್ಕೆ ತರಲು ಕನ್ನಡಿಯಂತೆ ತಿರುಗಿಸಿದಾಗ ಬೆಳಕೂ ಜೊತೆಗೆ ತಿರುಗುತ್ತದೆ. ಬಳ್ಳಿ ಉಬ್ಬುಮುದ್ರೆಯಾಗಿದ್ದರೆ ಅದರ ಹೊಳಪು ತಪ್ಪು ಬದಿಗೆ ಬಂದು, ಉಬ್ಬು ತಗ್ಗಾಗಿ ಕಾಣುತ್ತದೆ. ಅನೇಕ ಪೊಟ್ಟಣಗಳಲ್ಲಿ ಮುಂಬದಿ, ಹಿಂಬದಿ ಒಂದೇ ವಿನ್ಯಾಸವಿರುತ್ತದೆ. ಹೆಸರು ಬದಿಯಲ್ಲೂ ಸಣ್ಣದಾಗಿ ಇರುತ್ತದೆ. ಹಿಗ್ಗಿಸಿದರೆ ಅಕ್ಷರದ ಅಂಚು ಮೆತ್ತಗಾಗುವುದರಿಂದ ಅದನ್ನು ನೇರವಾಗಿ ಅಂಟಿಸುವುದಕ್ಕಿಂತ, ಅದನ್ನು ನೋಡಿಕೊಂಡು ಆಕಾರವನ್ನು ಹೊಸದಾಗಿ ಬರೆಯುವುದು ಒಳ್ಳೆಯದು.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಅದೇ ಸರಕಿನ ಇನ್ನೊಂದು ಪೆಟ್ಟಿಗೆ. ಅದೇ ಎಂದರೆ ನಿಜಕ್ಕೂ ಅದೇ: ಅದೇ ತೂಕ, ಅದೇ ವಿನ್ಯಾಸದ ಆವೃತ್ತಿ. ತಯಾರಕರು ಒಂದೆರಡು ವರ್ಷಕ್ಕೊಮ್ಮೆ ಅಂಚನ್ನೋ ಅಕ್ಷರದ ಗಾತ್ರವನ್ನೋ ಸದ್ದಿಲ್ಲದೆ ಬದಲಿಸಿರುತ್ತಾರೆ. ಮುದ್ರಣಾಲಯಕ್ಕೆ ಕಳಿಸಿದ ಮೂಲ ವಿನ್ಯಾಸದ ಕಡತ ಸಿಕ್ಕರೆ ಆಕಾರ ಕರಾರುವಾಕ್ಕಾಗಿ ಇರುತ್ತದೆ, ಆದರೆ ಅದರ ಬಣ್ಣ ಕಾಗದದ ಮೇಲಿನ ಶಾಯಿಯ ಬಣ್ಣವಲ್ಲ. ಪೆಟ್ಟಿಗೆಯನ್ನು ಬಿಡಿಸಿ ಸ್ಕ್ಯಾನರ್ ಮೇಲಿಡುವುದೂ ಒಂದು ದಾರಿ. ಅಲ್ಲಿ ಚಿನ್ನದ ಹಾಳೆಯ ಅಚ್ಚು ಕೈಕೊಡುತ್ತದೆ. ಹೊಳೆಯುವ ಹಾಳೆ ಸ್ಕ್ಯಾನರಿನ ಬೆಳಕನ್ನು ಕನ್ನಡಿಯಂತೆ ಬೇರೆ ದಿಕ್ಕಿಗೆ ತಳ್ಳುವುದರಿಂದ, ಸ್ಕ್ಯಾನಿನಲ್ಲಿ ಚಿನ್ನ ಕಂದು ಕೆಸರಿನಂತೆ, ಒಮ್ಮೊಮ್ಮೆ ಬರೀ ಕಪ್ಪಾಗಿ ಬರುತ್ತದೆ. ಚಿನ್ನದ ಗೆರೆ ಇದ್ದರೆ ಎರಡನೇ ಪೆಟ್ಟಿಗೆಯನ್ನು ಮೊದಲಿನದರಂತೆಯೇ ದೀಪ ಇಟ್ಟು ಫೋಟೋ ತೆಗೆಯದೆ ಗತಿಯಿಲ್ಲ.

ಇಷ್ಟೆಲ್ಲ ರಗಳೆ ಯಾಕೆ, ಚೀಟಿಯನ್ನು ಕಿತ್ತು ಮತ್ತೆ ಫೋಟೋ ತೆಗೆದರಾಯಿತಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಪೆಟ್ಟಿಗೆ ಕೈಯಲ್ಲಿದ್ದು, ಮೇಲ್ಮೈ ಲ್ಯಾಮಿನೇಟ್ ಆಗಿದ್ದರೆ ಅದೇ ಸರಿಯಾದ ಉತ್ತರ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ತೋರಿಸಿ ಅಂಟನ್ನು ಮೆತ್ತಗೆ ಮಾಡಿ ನಿಧಾನವಾಗಿ ಎಳೆದರೆ ಸಾಕು. ಲೇಪನವಿಲ್ಲದ ರಟ್ಟಿನಲ್ಲಿ ಮಾತ್ರ ಚೀಟಿಯ ಜೊತೆ ಶಾಯಿಯ ಪದರವೂ ಎದ್ದು ಬರುತ್ತದೆ. ಲೇಬಲ್ ಗನ್ನಿನ ಚೀಟಿಗಳಲ್ಲಿ ಬೇಕೆಂದೇ ಸಣ್ಣ ಕತ್ತರಿಕೆಗಳಿರುತ್ತವೆ. ಅಗ್ಗದ ಮಾಲಿನ ಚೀಟಿ ಕಿತ್ತು ದುಬಾರಿ ಮಾಲಿಗೆ ಅಂಟಿಸುವ ಚಾಲಾಕಿಗಳನ್ನು ತಡೆಯಲು, ಎಳೆದರೆ ಚೂರುಚೂರಾಗಲೆಂದೇ ಮಾಡಿದ ಏರ್ಪಾಡು ಅದು. ನಮ್ಮ ಉದಾಹರಣೆಯಲ್ಲಂತೂ ಆ ಪೆಟ್ಟಿಗೆ ಆಗಲೇ ಮಾರಾಟವಾಗಿದೆ.

ಪೆಟ್ಟಿಗೆಯ ಮೂಲೆ ನಂಬಬೇಡಿ

ಎರಡನೇ ಪೆಟ್ಟಿಗೆಯ ಫೋಟೋ ಬಂತು. ಅದನ್ನು ಮೊದಲ ಫೋಟೋದ ಮೇಲೆ ಇನ್ನೊಂದು ಪದರವಾಗಿ ಇಟ್ಟು ಕೋನ ಹೊಂದಿಸಬೇಕು. ಚಪ್ಪಟೆ ಮುಖದ ಮೇಲೆ ನಾಲ್ಕು ಗುರುತುಗಳನ್ನು ಎರಡೂ ಫೋಟೋದಲ್ಲಿ ಕೂಡಿಸಿದರೆ ಉಳಿದದ್ದೆಲ್ಲ ತಾನಾಗಿ ಕೂಡುತ್ತದೆ. ಚಿತ್ರವನ್ನು ಓರೆಯಾಗಿ ಎಳೆಯುವ ಸಾಮಾನ್ಯ ಆಜ್ಞೆ ಮಾಡುವುದು ಇದನ್ನೇ. ಹೊಸಬರು ಪೆಟ್ಟಿಗೆಯ ನಾಲ್ಕು ಮೂಲೆಗಳನ್ನೇ ಗುರುತಾಗಿ ಹಿಡಿಯುತ್ತಾರೆ. ಅದು ಸಹಜ, ಆದರೆ ತಪ್ಪು. ರಟ್ಟಿನ ಮೇಲೆ ಅಚ್ಚು ಬೀಳುವುದು ಒಂದು ಯಂತ್ರದಲ್ಲಿ. ಆ ರಟ್ಟನ್ನು ಕತ್ತರಿಸಿ ಮಡಿಕೆಯ ಗೆರೆ ಒತ್ತುವುದು ಇನ್ನೊಂದರಲ್ಲಿ. ಎರಡರ ನಡುವೆ ಹಾಳೆ ಕೂದಲೆಳೆಯಷ್ಟು ಸರಿದಿರುತ್ತದೆ. ಹಾಗಾಗಿ ಒಂದು ಪೆಟ್ಟಿಗೆಯಲ್ಲಿ ಅಂಚಿನ ಗೆರೆ ಮಡಿಕೆಯಿಂದ 3 ಮಿ.ಮೀ. ದೂರವಿದ್ದರೆ ಇನ್ನೊಂದರಲ್ಲಿ ಮೂರೂವರೆ ಇರಬಹುದು. ಆ ಅರ್ಧ ಮಿಲಿಮೀಟರ್ ನಮ್ಮ ಫೋಟೋದಲ್ಲಿ ಏಳೆಂಟು ಪಿಕ್ಸೆಲ್, ಅಂದರೆ ತೆಳು ಅಂಚುಗೆರೆಯ ಇಡೀ ದಪ್ಪ. ಮೂಲೆಗೆ ಮೂಲೆ ಕೂಡಿಸಿದರೆ ಚೀಟಿಯ ಜಾಗದಲ್ಲಿ ಗೆರೆ ಮುರಿದು ಮೆಟ್ಟಿಲಾಗುತ್ತದೆ.

ಆದ್ದರಿಂದ ಗುರುತುಗಳನ್ನು ಅಚ್ಚಿನಿಂದಲೇ, ಚೀಟಿಯ ಸುತ್ತಮುತ್ತಲಿಂದಲೇ ಆರಿಸಬೇಕು. ‘ಬ’ದ ಮೇಲ್ತುದಿ, ಬಳ್ಳಿಯ ಒಂದು ಎಲೆಯ ಚೂಪು, ಅಂಚುಗೆರೆ ತಿರುಗುವ ಬಿಂದು, ಕೆಳಗಿನ ಸಣ್ಣ ಸಾಲಿನ ಕೊನೆಯ ಅಕ್ಷರ. ಕೂಡಿತೋ ಇಲ್ಲವೋ ಎಂದು ತಿಳಿಯಲು ಕಣ್ಣಂದಾಜು ಬೇಡ. ಮೇಲಿನ ಪದರದ ಬೆರಕೆಯ ಬಗೆಯನ್ನು Difference ಎಂಬುದಕ್ಕೆ ಬದಲಿಸಿ. ಫೋಟೋಶಾಪ್, ಗಿಂಪ್ ಎರಡರಲ್ಲೂ ಇದು ಇದೇ ಹೆಸರಿನಲ್ಲಿದೆ. ಇದು ಎರಡು ಪದರಗಳ ವ್ಯತ್ಯಾಸವನ್ನು ಮಾತ್ರ ತೋರಿಸುತ್ತದೆ. ಪೂರ್ತಿ ಒಂದೇ ಇದ್ದ ಕಡೆ ಕಪ್ಪು. ಅಕ್ಷರಗಳ ಅಂಚಿನಲ್ಲಿ ಎಳೆಯಂಥ ಬೆಳಕಿನ ಗೆರೆ ಕಂಡರೆ ಅಲ್ಲಿ ಇನ್ನೂ ಸರಿದಿದೆ ಎಂದರ್ಥ. ಗೆರೆ ಅಕ್ಷರದ ಎಡಕ್ಕೂ ಬಲಕ್ಕೂ ಇದ್ದರೆ ಅಡ್ಡ ಸರಿಸಬೇಕು, ಮೇಲೆ ಕೆಳಗೆ ಇದ್ದರೆ ಮೇಲಕ್ಕೋ ಕೆಳಕ್ಕೋ ಸರಿಸಬೇಕು. ಸುತ್ತಲಿನ ಅಚ್ಚೆಲ್ಲ ಕಪ್ಪಿಗೆ ತಿರುಗಿ, ಚೀಟಿಯ ಆಯತ ಮಾತ್ರ ಹೊಳೆಯುತ್ತಾ ಉಳಿದರೆ ಪದರ ಕೂತಿತು. ಉಬ್ಬಿದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಈ ಸಂತೋಷ ಇಲ್ಲ. ಎರಡು ಪೊಟ್ಟಣ ಒಂದೇ ಥರ ಉಬ್ಬುವುದಿಲ್ಲವಾದ್ದರಿಂದ ಬಲೆಯಂಥ ಚೌಕಟ್ಟು ಹಾಕಿ ತುಂಡುತುಂಡಾಗಿ ಎಳೆಯಬೇಕಾಗುತ್ತದೆ, ಕೆಲಸ ಎಷ್ಟೋ ಪಟ್ಟು ಹೆಚ್ಚುತ್ತದೆ.

ಬಣ್ಣಕ್ಕಿಂತ ಬೆಳಕು ಕಷ್ಟ

ಈಗ ಚೀಟಿಯ ಜಾಗದಲ್ಲಿ ಮಾತ್ರ ಮೇಲಿನ ಪದರ ಕಾಣುವಂತೆ ಮಾಸ್ಕ್ ಹಾಕಬೇಕು. ಮಾಸ್ಕನ್ನು ಚೀಟಿಯ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಚೀಟಿ ಹೋಗುತ್ತದೆ, ಅದರ ನೆರಳು ಉಳಿಯುತ್ತದೆ. ಚೀಟಿ ತೆಳುವಾದರೂ ಅದಕ್ಕೊಂದು ದಪ್ಪವಿದೆ; ದೀಪದಿಂದ ದೂರದ ಬದಿಯಲ್ಲಿ ಕಡುಗೆರೆ, ಇನ್ನೊಂದು ಬದಿಯ ಕೆಂಪು ಶಾಯಿಯ ಮೇಲೆ ಬಿಳಿ ಕಾಗದದಿಂದ ಚಿಮ್ಮಿದ ಮಸುಕು ಬೆಳಕು. ಸುತ್ತಲೂ ಎಂಟು ಹತ್ತು ಪಿಕ್ಸೆಲ್ ಹೊರಗೆ ಹೋದರೆ ಎರಡೂ ಒಳಗೆ ಬಂದು ಮುಚ್ಚಿಹೋಗುತ್ತವೆ.

ಬಣ್ಣ ಹೊಂದಿಸುವಾಗ ಒಂದೇ ಬಿಂದುವನ್ನು ನಂಬಿದವರು ಮೋಸ ಹೋಗುತ್ತಾರೆ. ಚೀಟಿಯ ಎಡಪಕ್ಕದ ಕೆಂಪು ಮೊದಲ ಫೋಟೋದಲ್ಲಿ 190, ಎರಡನೆಯದರಲ್ಲಿ 204 ಎಂದು ಅಳತೆ ಬಂದಿತೆನ್ನಿ. ಅಷ್ಟನ್ನು ಇಳಿಸಿದರೆ ಎಡಬದಿ ಕೂಡುತ್ತದೆ, ಬಲಬದಿ ಕೂಡುವುದಿಲ್ಲ. ಬಲದಲ್ಲಿ ದೀಪ ದೂರವಿದ್ದು ವ್ಯತ್ಯಾಸ 14ರ ಬದಲು 20 ಇರಬಹುದು. ಎರಡು ಫೋಟೋಗಳಲ್ಲಿ ಶಾಯಿ ಒಂದೇ, ಅದರ ಮೇಲೆ ಬಿದ್ದ ಬೆಳಕು ಬೇರೆ. ಆದ್ದರಿಂದ ಚೀಟಿಯ ನಾಲ್ಕೂ ಬದಿಯಲ್ಲಿ ಅಳೆದು, ತಿದ್ದುಪಡಿಯನ್ನು ಎಡದಿಂದ ಬಲಕ್ಕೆ ಹಂತಹಂತವಾಗಿ ಹೆಚ್ಚಿಸುವ ಇಳಿಜಾರಾಗಿ ಹಾಕಬೇಕು.

ಈ ಬೆಳಕಿನ ಲೆಕ್ಕವನ್ನು ತಾನೇ ಮಾಡುವ ಸಾಧನವಿದೆಯಲ್ಲ, Healing Brush? 2002ರಲ್ಲಿ ಫೋಟೋಶಾಪಿಗೆ ಬಂದ ಈ ಕುಂಚ ಮೂಲದಿಂದ ವಿವರವನ್ನು ಮಾತ್ರ ತೆಗೆದುಕೊಂಡು, ಬಣ್ಣ ಮತ್ತು ಹೊಳಪನ್ನು ಹೊಸ ಜಾಗದ ಅಂಚಿನಿಂದ ಒಳಕ್ಕೆ ಹರಿಸುತ್ತದೆ. ಮುಖದ ಮೊಡವೆಗೆ ಅದು ಹೇಳಿ ಮಾಡಿಸಿದ್ದು. ಅಚ್ಚಿನ ಮೇಲೆ ಅದೇ ಗುಣ ದೋಷವಾಗುತ್ತದೆ. ಮಾಸ್ಕಿನ ಅಂಚು ಒಂದು ಕಡೆ ಹಳದಿಯ ಮೇಲೆ, ಇನ್ನೊಂದು ಕಡೆ ಕಡುಕೆಂಪು ಅಕ್ಷರದ ಮೇಲೆ ಹಾದುಹೋದರೆ, ಆ ಕೆಂಪು ಹಳದಿಯೊಳಕ್ಕೆ ಕದಡಿ ಹರಡುತ್ತದೆ. ನೆರಳಿನ ಒಂದು ಎಳೆ ಅಂಚಿನಲ್ಲಿ ಉಳಿದಿದ್ದರೂ ಇಡೀ ತೇಪೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಅಕ್ಷರ, ಅಂಚುಗೆರೆ ಇರುವ ಕಡೆ ಇದ್ದದ್ದನ್ನು ಇದ್ದಂತೆ ನಕಲಿಸುವ Clone Stamp ಅಥವಾ ಮಾಸ್ಕ್ ಹಾಕಿದ ಪದರವೇ ಕ್ಷೇಮ. Healing Brush ಅನ್ನು ಕೊನೆಯಲ್ಲಿ, ಬರೀ ಹಿನ್ನೆಲೆಯ ಮೇಲಿನ ಬೆಸುಗೆಗೆ ಮಾತ್ರ ಮುಟ್ಟಿಸಬೇಕು.

ಉಳಿಯುವುದು ಮೇಲ್ಮೈಯ ಗುಣ. ಆಫ್‌ಸೆಟ್ ಅಚ್ಚಿನಲ್ಲಿ ಬಣ್ಣ ಚುಕ್ಕಿಗಳಾಗಿ ಬೀಳುತ್ತದೆ. ಇಂಚಿಗೆ 150 ಸಾಲಿನ ಅಚ್ಚಾದರೆ ಚುಕ್ಕಿಯಿಂದ ಚುಕ್ಕಿಗೆ 0.17 ಮಿ.ಮೀ., ನಮ್ಮ ಫೋಟೋದಲ್ಲಿ ಎರಡೂವರೆ ಪಿಕ್ಸೆಲ್. ಚುಕ್ಕಿ ಬಿಡಿಯಾಗಿ ಕಾಣದಿದ್ದರೂ ಸಣ್ಣ ತರಿಯಾಗಿ ಇದ್ದೇ ಇರುತ್ತದೆ, ಅದಕ್ಕೆ ಕ್ಯಾಮೆರಾದ ಸ್ವಂತ ತರಿಯೂ ಸೇರುತ್ತದೆ. ಎರಡನೇ ಫೋಟೋ ಹೆಚ್ಚು ಚೂಪಾಗಿದ್ದರೆ ತುಸು ಮಸುಕಾಗಿಸಬೇಕು, ನುಣುಪಾಗಿದ್ದರೆ ತರಿ ಸೇರಿಸಬೇಕು. ಹಳದಿಯಿಂದ ಕೆಂಪಿಗೆ ತಿರುಗುವ ಹಿನ್ನೆಲೆಯಲ್ಲಿ ತರಿ ಇಲ್ಲದ ತೇಪೆ ಬಣ್ಣದ ಪಟ್ಟೆಪಟ್ಟೆಯಾಗಿ ಒಡೆದು ತೋರುತ್ತದೆ. ಮುಗಿದ ಮೇಲೆ ಚಿತ್ರದ ನೀಲಿ ಚಾನೆಲ್ ಒಂದನ್ನೇ ತೆರೆದು ನೋಡುವುದು ಒಳ್ಳೆಯ ಅಭ್ಯಾಸ. ಕ್ಯಾಮೆರಾದ ತರಿ ಸಾಮಾನ್ಯವಾಗಿ ಅಲ್ಲಿ ಹೆಚ್ಚು, ಆದ್ದರಿಂದ ಬಣ್ಣದಲ್ಲಿ ಅಡಗಿದ್ದ ತೇಪೆ ಅಲ್ಲಿ ಸಿಕ್ಕಿಬೀಳುತ್ತದೆ.

ತುಂಬಬಾರದ್ದು

ಪೆಟ್ಟಿಗೆಯ ಮೇಲಿನ ಬರಹದಲ್ಲಿ ಎರಡು ಬಗೆ. ಹೆಸರು, ಬಳ್ಳಿ, ತೂಕ, ವಿಳಾಸ ಎಲ್ಲ ಪೆಟ್ಟಿಗೆಗೂ ಒಂದೇ; ಮುದ್ರಣಾಲಯದಲ್ಲೇ ಅಚ್ಚಾದದ್ದು. ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು, ಬಹಳ ಸಲ ಬೆಲೆ ಕೂಡ ಆಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಒತ್ತಿದ್ದು, ಒಂದೊಂದು ಕಂತಿಗೂ ಬೇರೆ. ಮೊದಲನೆಯ ಬಗೆಯನ್ನು ಇನ್ನೊಂದು ಪೆಟ್ಟಿಗೆಯಿಂದ ತಂದರೆ ಅದು ನಿಜವೇ ಆಗಿರುತ್ತದೆ. ಎರಡನೆಯದನ್ನು ತಂದರೆ ಆ ಪೆಟ್ಟಿಗೆಗೆ ಇಲ್ಲದ ಜಾತಕ ಬರೆದಂತೆ. ಚೀಟಿ ಇಂಥ ಸಾಲಿನ ಮೇಲೆ ಕೂತಿದ್ದರೆ ಆ ಸಾಲು ಕಾಣದ ಬದಿಯಿಂದ ಬೇರೆ ಫೋಟೋ ತೆಗೆಯಬೇಕು, ಇಲ್ಲವೇ ಅಲ್ಲಿ ಬರೀ ಹಿನ್ನೆಲೆ ಬಿಡಬೇಕು. ಆನ್‌ಲೈನ್ ಮಾರಾಟಗಾರರಿಗೆ ಇದರಿಂದ ತೊಂದರೆಯೂ ಇಲ್ಲ. ಪೊಟ್ಟಣ ಸರಕುಗಳ ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ 2018ರ ಜನವರಿಯಿಂದ ಕಡ್ಡಾಯ ವಿವರಗಳನ್ನು ಮಾರಾಟದ ಪುಟದಲ್ಲಿ ಕೊಡಬೇಕು, ಆದರೆ ತಯಾರಿಕೆಯ ತಿಂಗಳು, ವರ್ಷಕ್ಕೆ ಅಲ್ಲಿ ವಿನಾಯಿತಿ ಇದೆ.

ಚೀಟಿ ತೆಗೆಯುವುದೇ ಗಿರಾಕಿಗೆ ಮಾಡುವ ಮೋಸವಲ್ಲವೇ ಎಂದು ಕೇಳುವವರಿಗೆ, ಅದು ಯಾರ ಚೀಟಿ ಎಂಬುದರ ಮೇಲೆ ಉತ್ತರ ನಿಂತಿದೆ. ಅಂಗಡಿಯವರು ತಮ್ಮ ಲೆಕ್ಕಕ್ಕೆ ಒತ್ತಿದ ಚೀಟಿ ಸರಕಿನ ಭಾಗವಲ್ಲ. ಅದಿಲ್ಲದ ಫೋಟೋ ಸರಕನ್ನು ಹೆಚ್ಚು ನಿಜವಾಗಿಯೇ ತೋರಿಸುತ್ತದೆ. ತಯಾರಕರೇ ಹಚ್ಚಿದ ಪರಿಷ್ಕೃತ ಬೆಲೆಯ ಚೀಟಿಯ ಮಾತು ಬೇರೆ. 2011ರ ಆ ನಿಯಮಗಳು ಬೆಲೆ ಇಳಿಸುವುದಕ್ಕೆ ಚೀಟಿ ಹಚ್ಚಲು ಬಿಡುತ್ತವೆ, ಆದರೆ ಮೊದಲು ಅಚ್ಚಾದ ಬೆಲೆಯನ್ನು ಅದು ಮುಚ್ಚುವಂತಿಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಹಳೆಯ ದಾಸ್ತಾನಿಗೆ ಹೊಸ ದರದ ಚೀಟಿ ಹಚ್ಚಲು ಅವಕಾಶ ಕೊಟ್ಟದ್ದೂ ಹಳೆಯ ಬೆಲೆ ಕಾಣುವಂತಿರಬೇಕೆಂಬ ಷರತ್ತಿನ ಮೇಲೆಯೇ. ಅಂಥ ಚೀಟಿಯನ್ನು ಫೋಟೋದಲ್ಲಿ ಅಳಿಸಿದರೆ ಗಿರಾಕಿಗೆ ಕಾಣುವುದು ಹಳೆಯ, ಹೆಚ್ಚಿನ ಬೆಲೆ ಮಾತ್ರ.

ಹಳೆಯ ಸಾಮಾನಿನ ಮಾರಾಟದಲ್ಲಿ ಈ ವಿದ್ಯೆಗೆ ಕೆಲಸವೇ ಇಲ್ಲ. ನಲವತ್ತು ವರ್ಷದ ಬಿಸ್ಕತ್ತಿನ ಡಬ್ಬಿಯನ್ನೋ ಆಟದ ಪೆಟ್ಟಿಗೆಯನ್ನೋ ಕೊಳ್ಳುವ ಸಂಗ್ರಾಹಕರಿಗೆ, ಯಾವ ಅಂಗಡಿಯ ಚೀಟಿ, ಎಷ್ಟು ರೂಪಾಯಿ, ಅದನ್ನು ಕಿತ್ತರೆ ಕೆಳಗಿನ ಬಣ್ಣ ಉಳಿದೀತೇ ಎಂಬುದೆಲ್ಲ ಬೆಲೆ ಕಟ್ಟಲು ಬೇಕಾದ ಸಂಗತಿ. ಅಲ್ಲಿ ಮಾರಾಟವಾಗುತ್ತಿರುವುದು ಆ ಒಂದೇ ಡಬ್ಬಿ, ಅದು ಇರುವ ಸ್ಥಿತಿಯಲ್ಲಿ. ಆ ಫೋಟೋವನ್ನು ಚೀಟಿಯ ಸಮೇತ ಹಾಗೆಯೇ ಹಾಕಿ, ಹತ್ತಿರದಿಂದ ಇನ್ನೊಂದು ತೆಗೆದು ಜೊತೆಗೆ ಸೇರಿಸಬೇಕು.